ವೈರ್ ಹಾಕಿದ ಲ್ಯಾಪ್‌ಟಾಪ್‌ನಲ್ಲಿ ಒಂದು ಸ್ಪೀಡ್, ಫೋನಿನಲ್ಲಿ ಇನ್ನೊಂದು: ಎಲ್ಲಿ ಸೋರುತ್ತಿದೆ ಅಂತ ಹುಡುಕುವುದು ಹೇಗೆ?

ಮನೆಗೆ 200 ಎಂಬಿಪಿಎಸ್ ಫೈಬರ್ ಪ್ಲಾನ್ ಹಾಕಿಸಿದ್ದೀರಿ. ವೈರ್ ಚುಚ್ಚಿದ ಲ್ಯಾಪ್‌ಟಾಪ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ ಒಂದು ಅಂಕಿ, ವೈಫೈನಲ್ಲಿರುವ ಫೋನಿನಲ್ಲಿ ಮಾಡಿದರೆ ಬೇರೆಯೇ ಅಂಕಿ. ಕಂಪನಿಯವರನ್ನು ಕೇಳಿದರೆ "ವೈಫೈ ಅಂದ್ರೆ ಹಾಗೇನೇ ಸಾರ್" ಅನ್ನುತ್ತಾರೆ. ಒಂದು ಗಿಗಾಬಿಟ್ ಪ್ಲಾನ್ ಇದ್ದರೆ ಈ ಮಾತನ್ನು ಒಪ್ಪಬಹುದು. 200ರ ಪ್ಲಾನಿಗೆ ಒಪ್ಪಬೇಕಿಲ್ಲ. ಈಗಿನ ಸಾಧಾರಣ ಫೋನು, ರೂಟರ್ ಇರುವ ಕೋಣೆಯಲ್ಲೇ, 200 ಎಂಬಿಪಿಎಸ್ ಅನ್ನು ಆರಾಮಾಗಿ ಎಳೆಯುತ್ತದೆ. ಎಳೆಯುತ್ತಿಲ್ಲ ಅಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಬಹಳಷ್ಟು ಸಲ ಆ ಕಾರಣ ಯಾವುದು ಅನ್ನುವ ಸುಳಿವು ಬರುವ ಅಂಕಿಯಲ್ಲೇ ಇರುತ್ತದೆ.

ದುಡ್ಡು ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡೋಣ.

## ಮೊದಲು: ಎರಡೂ ಟೆಸ್ಟ್ ಒಂದೇ ರೀತಿ ಮಾಡಿದ್ದೀರಾ?

ಅರ್ಧಕ್ಕರ್ಧ ದೂರುಗಳು ಇಲ್ಲೇ ಮುಗಿಯುತ್ತವೆ. ಲ್ಯಾಪ್‌ಟಾಪ್ ಬೆಂಗಳೂರಿನ ಸರ್ವರ್‌ಗೆ ಟೆಸ್ಟ್ ಮಾಡಿರುತ್ತದೆ, ಫೋನು ಮುಂಬೈಯದ್ದನ್ನು ಹಿಡಿದಿರುತ್ತದೆ. ಅಥವಾ ಒಂದರಲ್ಲಿ ಆ್ಯಪ್, ಇನ್ನೊಂದರಲ್ಲಿ ಹತ್ತಾರು ಟ್ಯಾಬ್ ತೆರೆದ ಬ್ರೌಸರ್. ಎರಡರಲ್ಲೂ ಒಂದೇ ಕಂಪನಿಯ ಟೆಸ್ಟ್ ಬಳಸಿ. ಸರ್ವರನ್ನು ನೀವೇ ಆರಿಸಿ, ಎರಡಕ್ಕೂ ಒಂದನ್ನೇ. ಒಟ್ಟಿಗೆ ಒತ್ತಬೇಡಿ, ಒಂದು ಮುಗಿದ ಮೇಲೆ ಇನ್ನೊಂದು. ಒಟ್ಟಿಗೆ ಮಾಡಿದರೆ ಇರುವ 200 ಅನ್ನು ಎರಡೂ ಹಂಚಿಕೊಳ್ಳುತ್ತವೆ. ಟಿವಿಯಲ್ಲಿ ಸೀರಿಯಲ್ ಓಡುತ್ತಿದ್ದರೂ ಅಷ್ಟೇ.

ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ. ಇದನ್ನು ಮರೆಯಲೇಬಾರದು. ವೈಫೈ ಸ್ವಲ್ಪ ಮಂಕಾದ ತಕ್ಷಣ ಹೇಳದೆ ಕೇಳದೆ ಸಿಮ್‌ನ ಡೇಟಾಗೆ ಜಿಗಿಯುವ ಸೆಟ್ಟಿಂಗ್ ಈಗ ಬಹುತೇಕ ಫೋನುಗಳಲ್ಲಿದೆ. ಕೆಲವು ಫೋನುಗಳಲ್ಲಿ ವೈಫೈ ಗುರುತು ಮೇಲೆ ಕಾಣುತ್ತಲೇ ಇರುತ್ತದೆ, ಆದರೆ ನೀವು ಅಳೆಯುತ್ತಿರುವುದು 5ಜಿಯನ್ನು! ಇದನ್ನು ಪತ್ತೆ ಮಾಡುವುದು ಸುಲಭ. ಟೆಸ್ಟ್ ಆ್ಯಪ್ ತೋರಿಸುವ ಇಂಟರ್ನೆಟ್ ಕಂಪನಿಯ ಹೆಸರು ನೋಡಿ. ಮನೆಯ ಫೈಬರ್ ಕಂಪನಿಯ ಬದಲು ಸಿಮ್ ಕಂಪನಿಯ ಹೆಸರಿದ್ದರೆ ಆ ಅಂಕಿಯನ್ನು ಮರೆತುಬಿಡಿ. ವಿಪಿಎನ್ ಇದ್ದರೆ ಅದನ್ನೂ ಆಫ್ ಮಾಡಿ. ಬ್ಯಾಟರಿ ಸೇವರ್‌ನಲ್ಲಿ ಇಟ್ಟು ಟೆಸ್ಟ್ ಮಾಡಬೇಡಿ.

ಇನ್ನೊಂದು ಗೊಂದಲ ಇದೆ. ಲ್ಯಾಪ್‌ಟಾಪ್‌ನಲ್ಲಿ ಫೈಲ್ ಇಳಿಸುವಾಗ ಕಾಣುವ ಸೆಕೆಂಡಿಗೆ 24 ಎಂಬಿ ಮತ್ತು ಸ್ಪೀಡ್ ಟೆಸ್ಟ್ ತೋರಿಸುವ 200 ಎಂಬಿಪಿಎಸ್ ಹೆಚ್ಚುಕಡಿಮೆ ಒಂದೇ. ಮೊದಲನೆಯದು ಬೈಟ್ ಲೆಕ್ಕ, ಎರಡನೆಯದು ಬಿಟ್ ಲೆಕ್ಕ. ಎಂಟರಿಂದ ಗುಣಿಸಿ ನೋಡಿ.

ಇಷ್ಟೆಲ್ಲಾ ಸರಿಮಾಡಿ, ರೂಟರಿನಿಂದ ಎರಡು ಮೂರು ಮೀಟರ್ ದೂರದಲ್ಲಿ ನಿಂತು, ಮತ್ತೆ ಟೆಸ್ಟ್ ಮಾಡಿ. ಅಂಕಿಗಳು ಆಸುಪಾಸಿಗೆ ಬಂದರೆ ಕೆಲಸ ಮುಗಿಯಿತು. ಬರಲಿಲ್ಲ ಅಂದರೆ ಕೆಳಗೆ ನಿಮ್ಮ ಮನೆಯ ಲಕ್ಷಣ ಯಾವುದು ನೋಡಿ.

## ಲಕ್ಷಣ: ಲ್ಯಾಪ್‌ಟಾಪ್ 200, ಫೋನ್ ಮಾತ್ರ 35-50 ದಾಟುವುದಿಲ್ಲ

ರೂಟರ್ ಪಕ್ಕದಲ್ಲೇ ನಿಂತರೂ ಫೋನು ನಲವತ್ತರ ಸುತ್ತಮುತ್ತ ಗಿರಕಿ ಹೊಡೆಯುತ್ತಿದೆಯಾ? ಹಾಗಾದರೆ ಅದು ನಿಧಾನದ ಬ್ಯಾಂಡ್ ಆದ 2.4 ಗಿಗಾಹರ್ಟ್ಸ್ ವೈಫೈಗೆ ಅಂಟಿಕೊಂಡಿದೆ ಅಂತ ಅನುಮಾನಪಡಿ.

ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಸೆಟ್ಟಿಂಗ್ ತೆರೆದು, ಈಗ ಕನೆಕ್ಟ್ ಆಗಿರುವ ಹೆಸರಿನ ಪಕ್ಕದ ಗೇರ್ ಗುರುತು ಒತ್ತಿ. ಬಹಳಷ್ಟು ಫೋನುಗಳು ಅಲ್ಲಿ Frequency ಮತ್ತು Link speed ಎರಡನ್ನೂ ತೋರಿಸುತ್ತವೆ. ಲಿಂಕ್ ಸ್ಪೀಡ್ ಅಂದರೆ ಫೋನು ಮತ್ತು ರೂಟರ್ ನಡುವೆ ಗಾಳಿಯಲ್ಲಿ ಒಪ್ಪಂದವಾದ ವೇಗ. ಇಂಟರ್ನೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಫೈಬರ್ ಕಿತ್ತುಹೋಗಿದ್ದರೂ ಅದು ಹಾಗೇ ಕಾಣುತ್ತದೆ. ಐಫೋನ್ ಈ ಲಿಂಕ್ ಸ್ಪೀಡನ್ನು ಸೆಟ್ಟಿಂಗ್ಸ್‌ನಲ್ಲಿ ತೋರಿಸುವುದಿಲ್ಲ. ಹಾಗಾಗಿ ಐಫೋನ್ ಇದ್ದವರು ರೂಟರಿನ ಸೆಟ್ಟಿಂಗ್ ಪುಟದಲ್ಲಿ ನೋಡಬೇಕು, ಅದನ್ನು ತೆರೆಯುವ ಬಗೆ ಕೆಳಗಿದೆ.

2.4ರಲ್ಲಿ, ಒಂದೇ ಆಂಟೆನಾ ಬಳಸುವ ಅಗ್ಗದ ಫೋನಿಗೆ ಈ ಲಿಂಕ್ ಸ್ಪೀಡ್ ಸಾಮಾನ್ಯವಾಗಿ 72. ಎರಡು ಆಂಟೆನಾ ಇದ್ದರೆ 144. ಕೈಗೆ ಸಿಗುವುದು ಅದರ ಅರ್ಧ, ಅಥವಾ ಸ್ವಲ್ಪ ಜಾಸ್ತಿ. 72ರ ಅರ್ಧಕ್ಕಿಂತ ಸ್ವಲ್ಪ ಮೇಲೆ ಅಂದರೆ ನಲವತ್ತು ಚಿಲ್ಲರೆ. ನಿಮ್ಮ ಟೆಸ್ಟ್‌ನಲ್ಲಿ ಬಂದದ್ದೂ ಅಷ್ಟೇ ಅಲ್ವಾ?

ಅರ್ಧ ಎಲ್ಲಿ ಹೋಯಿತು ಅಂತ ಕೇಳಿದರೆ: ವೈಫೈ ಒಂದೇ ಮೈಕ್ ಇರುವ ಸಭೆ ಇದ್ದ ಹಾಗೆ. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಫೋನು ಕಳಿಸುವಾಗ ರೂಟರ್ ಕಳಿಸುವ ಹಾಗಿಲ್ಲ. ಪ್ರತಿ ಕಂತಿಗೂ "ಬಂತು" ಅಂತ ಉತ್ತರ ಹೇಳಬೇಕು. ಪಕ್ಕದ ಮನೆಯ ರೂಟರ್ ಅದೇ ಚಾನೆಲ್‌ನಲ್ಲಿದ್ದರೆ ಅದರ ಸರದಿಗೂ ಕಾಯಬೇಕು. ವೈರ್‌ನಲ್ಲಿ ಈ ತಾಪತ್ರಯ ಇಲ್ಲ. ಅಲ್ಲಿ ಕಳಿಸುವುದು, ಪಡೆಯುವುದು ಎರಡೂ ಒಟ್ಟಿಗೇ ನಡೆಯುತ್ತದೆ.

ಪರಿಹಾರ 5 ಗಿಗಾಹರ್ಟ್ಸ್‌ಗೆ ಹೋಗುವುದು. ಅಲ್ಲಿ ಸಾಮಾನ್ಯವಾಗಿ ಒಂದು ಆಂಟೆನಾದ ಫೋನಿಗೂ ಲಿಂಕ್ ಸ್ಪೀಡ್ 433, ಎರಡಿದ್ದರೆ 866. ಅರ್ಧ ಹೋದರೂ 200ರ ಪ್ಲಾನಿಗೆ ಸಾಕಾಗುತ್ತದೆ. ಕೆಲವು ಮನೆಗಳಲ್ಲಿ ಎರಡೂ ಬ್ಯಾಂಡಿಗೆ ಒಂದೇ ಹೆಸರು ಇಟ್ಟಿರುತ್ತಾರೆ, ಯಾವುದಕ್ಕೆ ಅಂಟಿಕೊಳ್ಳಬೇಕು ಅಂತ ಫೋನೇ ತೀರ್ಮಾನಿಸುತ್ತದೆ. ಅದರ ತೀರ್ಮಾನ ಯಾವಾಗಲೂ ನಮಗೆ ಬೇಕಾದ್ದೇ ಆಗಿರುವುದಿಲ್ಲ. ರೂಟರ್ ಕೆಳಗೆ ಅಂಟಿಸಿದ ಸ್ಟಿಕ್ಕರ್‌ನಲ್ಲಿ ಅದರ ವಿಳಾಸ ಇರುತ್ತದೆ, ಹೆಚ್ಚಾಗಿ 192.168.1.1. ಅದನ್ನು ಬ್ರೌಸರಿನಲ್ಲಿ ತೆರೆದು 5ರ ಬ್ಯಾಂಡಿಗೆ ಬೇರೆ ಹೆಸರು ಕೊಡಿ. ಫೋನಿನಲ್ಲಿ ಆ ಹೆಸರನ್ನೇ ಆರಿಸಿ. ಅದೇ ಪುಟದಲ್ಲಿ 5ರ ಚಾನೆಲ್ ಅಗಲ 80 ಇದೆಯಾ ನೋಡಿ. 20ಕ್ಕೆ ಇಳಿಸಿಟ್ಟಿದ್ದರೆ 5ರಲ್ಲಿದ್ದೂ ಸುಖವಿಲ್ಲ.

ಪಟ್ಟಿಯಲ್ಲಿ 5ರ ಹೆಸರು ಕಾಣುವುದೇ ಇಲ್ಲವಾ? ಬೇರೆ ಫೋನಿಗೆ ಕಂಡು ಇದಕ್ಕೆ ಕಾಣದಿದ್ದರೆ, ಹೆಚ್ಚಾಗಿ ನಿಮ್ಮ ಫೋನಿಗೆ 5ರ ರೇಡಿಯೋನೇ ಇರುವುದಿಲ್ಲ. ಅದಕ್ಕೆ ಸೆಟ್ಟಿಂಗ್‌ನಲ್ಲಿ ಮದ್ದಿಲ್ಲ. ಯಾವ ಫೋನಿಗೂ ಕಾಣದಿದ್ದರೆ ಕಂಪನಿ ಕೊಟ್ಟಿರುವುದು 2.4 ಮಾತ್ರ ಇರುವ ಹಳೇ ಡಬ್ಬ, ಅಥವಾ 5 ಅನ್ನು ಯಾರೋ ಆಫ್ ಮಾಡಿದ್ದಾರೆ. ಹಳೇ ಡಬ್ಬ ಆಗಿದ್ದರೆ ಬದಲಿಸಿಕೊಡಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ. 200ರ ಪ್ಲಾನ್ ಮಾರಿ ಅದನ್ನು ವೈಫೈನಲ್ಲಿ ಕೊಡಲಾಗದ ಡಬ್ಬ ಇಡುವುದು ಯಾವ ನ್ಯಾಯ?

ಹಾಗೇ ಒಂದು ಮಾತು. 2.4ರಲ್ಲೇ ಇರಬೇಕಾದವರು ಟೆಸ್ಟ್ ಮಾಡುವಾಗ ಬ್ಲೂಟೂತ್ ಇಯರ್‌ಬಡ್ ಕಿವಿಯಿಂದ ತೆಗೆದು ಬ್ಲೂಟೂತ್ ಆಫ್ ಮಾಡಿ. ಅದೂ 2.4ರಲ್ಲೇ ಓಡುತ್ತದೆ, ಫೋನಿನೊಳಗೆ ಎರಡೂ ಸರದಿ ಹಂಚಿಕೊಳ್ಳುತ್ತವೆ.

## ಲಕ್ಷಣ: ಹಾಲ್‌ನಲ್ಲಿ ಚೆನ್ನಾಗಿದೆ, ಒಳಗಿನ ಕೋಣೆಯಲ್ಲಿ ಪೂರ್ತಿ ಬಿದ್ದುಹೋಗುತ್ತದೆ

ಇದು ಗೋಡೆಯ ಕೆಲಸ. 5 ಗಿಗಾಹರ್ಟ್ಸ್ ವೇಗ ಕೊಡುತ್ತದೆ, ಆದರೆ ಗೋಡೆ ದಾಟುವುದರಲ್ಲಿ 2.4ಕ್ಕಿಂತ ಬಡವ. ಕರಾವಳಿಯ ಮುರಕಲ್ಲಿನ ದಪ್ಪ ಗೋಡೆ, ಕಾಂಕ್ರೀಟ್ ಸ್ಲ್ಯಾಬ್, ಗೋಡೆಗೆ ಒರಗಿಸಿಟ್ಟ ಕಬ್ಬಿಣದ ಬೀರು, ಎಲ್ಲವೂ ಸಿಗ್ನಲ್ ತಿನ್ನುತ್ತವೆ.

ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ಥರದ ಯಾವುದಾದರೂ ಉಚಿತ ಆ್ಯಪ್ ಹಾಕಿ. ಸಿಗ್ನಲ್ ಮೈನಸ್ ಅಂಕಿಯಲ್ಲಿ ಕಾಣುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. -50ರ ಸುತ್ತ ಇದ್ದರೆ ಬಹಳ ಚೆನ್ನಾಗಿದೆ. -67ರವರೆಗೆ ಪರವಾಗಿಲ್ಲ. -75 ದಾಟಿದರೆ ಲಿಂಕ್ ಸ್ಪೀಡ್ ಇಳಿಯುತ್ತಾ ಹೋಗುತ್ತದೆ, -80ರ ಕೆಳಗೆ ಹೋದರೆ ಟೆಸ್ಟ್ ಮಾಡುವುದೇ ದಂಡ.

ಮೊದಲ ಮದ್ದು ರೂಟರನ್ನು ಸರಿಸುವುದು. ಟಿವಿ ಹಿಂದೆ, ಶೋಕೇಸ್ ಒಳಗೆ, ಮೀಟರ್ ಬೋರ್ಡ್ ಪಕ್ಕ ಇಟ್ಟಿದ್ದರೆ ಹೊರಗೆ ತಂದು ಎದೆಯೆತ್ತರದಲ್ಲಿ ಇಡಿ. ಅಷ್ಟಕ್ಕೇ ಎಷ್ಟೋ ಮನೆಗಳ ಸಮಸ್ಯೆ ಕರಗುತ್ತದೆ. ಸಾಲದಿದ್ದರೆ ಒಳಕೋಣೆಗೆ ಒಂದು ವೈರ್ ಎಳೆದು ಅಲ್ಲಿ ಇನ್ನೊಂದು ವೈಫೈ ಡಬ್ಬ ಕೂರಿಸುವುದೇ ಗಟ್ಟಿ ಪರಿಹಾರ. ಪ್ಲಗ್‌ಗೆ ಚುಚ್ಚುವ ಅಗ್ಗದ ರಿಪೀಟರ್ ಬಗ್ಗೆ ನನಗೆ ಒಳ್ಳೆಯ ಮಾತು ಹೇಳಲು ಬರುವುದಿಲ್ಲ. ಅದು ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು, ಅದರಲ್ಲೇ ಮತ್ತೆ ಹೇಳಬೇಕು. ಕಡ್ಡಿಗಳು ಪೂರ್ತಿ ಕಾಣುತ್ತವೆ, ವೇಗ ಮಾತ್ರ ಅರ್ಧಕ್ಕಿಳಿಯುತ್ತದೆ.

## ಲಕ್ಷಣ: ಫೋನ್ 180-200, ವೈರ್ ಹಾಕಿದ ಲ್ಯಾಪ್‌ಟಾಪ್ 94ರಲ್ಲಿ ನಿಂತಿದೆ

ಇದು ಉಲ್ಟಾ ಕೇಸು. ಇದನ್ನು ಕಂಡವರು ಹೆಚ್ಚಾಗಿ ಕಂಪನಿ ಮೇಲೆ ಹರಿಹಾಯುತ್ತಾರೆ. ಯಾಕೆಂದರೆ ವೈರ್ ಅಂದರೆ ಸತ್ಯ, ವೈಫೈ ಅಂದರೆ ಅಂದಾಜು ಅಂತ ಎಲ್ಲರ ನಂಬಿಕೆ.

94 ಅಥವಾ 95 ಬಂದು, ಎಷ್ಟು ಸಲ ಮಾಡಿದರೂ ಅಲ್ಲೇ ನಿಂತರೆ, ನಿಮ್ಮ ವೈರ್ 100 ಎಂಬಿಪಿಎಸ್‌ನಲ್ಲಿ ಓಡುತ್ತಿದೆ ಅಂತಲೇ ಅರ್ಥ. ಪ್ರತಿ ಕಂತಿನ ಮೇಲೂ ವಿಳಾಸ, ತಪಾಸಣೆ ಅಂತ ಸ್ವಲ್ಪ ಜಾಗ ಹೋಗುತ್ತದೆ. ಅದನ್ನು ಕಳೆದರೆ ನೂರರಲ್ಲಿ ಉಳಿಯುವುದು ತೊಂಬತ್ತನಾಲ್ಕು ಚಿಲ್ಲರೆ. ಇಂಟರ್ನೆಟ್ ನಿಧಾನವಾಗಿದ್ದರೆ ಅಂಕಿ ಏರಿಳಿಯುತ್ತದೆ. ಹೀಗೆ ಗೂಟ ಹೊಡೆದ ಹಾಗೆ ನಿಲ್ಲುವುದಿಲ್ಲ.

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಪವರ್‌ಶೆಲ್ ತೆರೆದು ಇದನ್ನು ಟೈಪ್ ಮಾಡಿ:

```
Get-NetAdapter
```

Ethernet ಸಾಲಿನ LinkSpeed ಕಾಲಂ ನೋಡಿ. 1 Gbps ಇರಬೇಕು. 100 Mbps ಇದ್ದರೆ ಕಳ್ಳ ಮನೆಯೊಳಗೇ ಇದ್ದಾನೆ. ಅವನು ಅಡಗುವ ಜಾಗ ಮೂರೇ: ಲ್ಯಾಪ್‌ಟಾಪ್‌ನ ಪೋರ್ಟ್ ಅಥವಾ ಯುಎಸ್‌ಬಿ ಡಾಂಗಲ್, ರೂಟರಿನ ಪೋರ್ಟ್, ನಡುವಿನ ಕೇಬಲ್.

ದಾವಣಗೆರೆಯ ನಮ್ಮ ಅಕ್ಕನ ಮನೆಯಲ್ಲಿ ಆಗಿದ್ದು ಇದೇ. ಭಾವ ಮಹಡಿಯ ಕೋಣೆಯಲ್ಲಿ ಆಫೀಸ್ ಕೆಲಸ ಮಾಡುತ್ತಾರೆ. ಅದಕ್ಕೆ ಅಂತಲೇ ಕೆಳಗಿನ ರೂಟರಿನಿಂದ ಗೋಡೆಯೊಳಗಿನ ಪೈಪಿನಲ್ಲಿ ಲ್ಯಾನ್ ಕೇಬಲ್ ಎಳೆಸಿದ್ದರು. ಅವರಿಗೆ 94, ಹಾಲ್‌ನಲ್ಲಿ ಕೂತ ಮಗನ ಫೋನಿಗೆ 190. ಟೆಕ್ನಿಷಿಯನ್ ಬಂದ, ರೂಟರ್ ಪಕ್ಕ ನಿಂತು ತನ್ನ ಫೋನಿನಲ್ಲಿ ಟೆಸ್ಟ್ ಮಾಡಿದ, "ನಮ್ಮ ಕಡೆಯಿಂದ ಪೂರ್ತಿ ಬರ್ತಿದೆ ಸಾರ್" ಅಂತ ಹೇಳಿ ಹೋದ. ಭಾವನಿಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಅವನು ಹೇಳಿದ್ದು ನಿಜವೇ ಆಗಿತ್ತು.

ಲ್ಯಾಪ್‌ಟಾಪ್‌ನಲ್ಲಿ LinkSpeed ನೋಡಿದರೆ 100 Mbps. ಲ್ಯಾಪ್‌ಟಾಪನ್ನು ಕೆಳಗೆ ತಂದು, ರೂಟರಿನ ಡಬ್ಬದಲ್ಲಿ ಬಂದಿದ್ದ ಒಂದು ಮೀಟರ್ ಕೇಬಲ್ ಚುಚ್ಚಿದೆವು. 1 Gbps ಬಂತು, ಟೆಸ್ಟ್‌ನಲ್ಲೂ 200ರ ಆಸುಪಾಸು. ಅಂದರೆ ಲ್ಯಾಪ್‌ಟಾಪ್ ಸರಿ, ಆ ಪೋರ್ಟೂ ಸರಿ. ಅದೇ ಪೋರ್ಟಿಗೆ ಗೋಡೆಯ ಕೇಬಲ್ ಹಾಕಿ, ಮಹಡಿಗೆ ಹೋಗಿ ನೋಡಿದರೆ ಮತ್ತೆ 100. ಉಳಿದದ್ದು ಕೇಬಲ್ ಒಂದೇ.

ಲ್ಯಾನ್ ಕೇಬಲ್ಲಿನ ಕೊನೆಯ ಪ್ಲಗ್ ಪಾರದರ್ಶಕವಾಗಿರುತ್ತದೆ. ಟಾರ್ಚ್ ಹಿಡಿದು ನೋಡಿದರೆ ಒಳಗಿನ ಬಣ್ಣದ ತಂತಿಗಳು ಎಣಿಸಲು ಸಿಗುತ್ತವೆ. ಎಂಟು ಇರಬೇಕು, ನಾಲ್ಕು ಜೋಡಿ. ಭಾವನ ಕೇಬಲ್ಲಿನಲ್ಲಿ ಕಿತ್ತಳೆ ಜೋಡಿ, ಹಸಿರು ಜೋಡಿ ಎರಡೇ ಇದ್ದವು. ನೀಲಿ ಮತ್ತು ಕಂದು ತಂತಿಗಳು ಪ್ಲಗ್ಗಿನ ಹಿಂದೆ ಹೊರಗೆ ಬಾಗಿಹೋಗಿದ್ದವು. ಅವುಗಳ ಜಾಡು ಹಿಡಿದು ಹೋದರೆ ಸಿಕ್ಕಿದ್ದು ಮಹಡಿಯ ಕಾಲಿಂಗ್ ಬೆಲ್! ಪೈಪಿನಲ್ಲಿ ಇನ್ನೊಂದು ವೈರ್ ಎಳೆಯುವ ಕಷ್ಟ ಯಾಕೆ ಅಂತ ಎಲೆಕ್ಟ್ರಿಷಿಯನ್ ಉಳಿದ ಎರಡು ಜೋಡಿಯನ್ನು ಬೆಲ್‌ಗೆ ಕೊಟ್ಟಿದ್ದ. ಅದು ಬ್ಯಾಟರಿ ಬೆಲ್ ಆಗಿದ್ದರಿಂದ ಬಚಾವ್. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಆದ್ದರಿಂದ ಇಂಟರ್ನೆಟ್ ಬರುತ್ತಲೇ ಇತ್ತು, ಯಾರಿಗೂ ಅನುಮಾನ ಬರಲಿಲ್ಲ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕೇಬೇಕು.

ಬೆಲ್‌ಗೆ ವೈರ್‌ಲೆಸ್ ಬೆಲ್ ತಂದೆವು. ಕೇಬಲ್ಲಿನ ಎರಡೂ ತುದಿಗೆ ಹೊಸ ಪ್ಲಗ್ ಹಾಕಿ ಕ್ರಿಂಪ್ ಮಾಡಿದೆವು. ಪ್ಲಗ್ಗಿನ ಕೊಂಡಿ ಕೆಳಗಿರುವಂತೆ, ತಂತಿ ನಮ್ಮ ಕಡೆ ಬರುವಂತೆ ಹಿಡಿದರೆ ಎಡದಿಂದ ಬಣ್ಣಗಳ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ಕಡೆ ಇದೇ ಸಾಲು. ಆಮೇಲೆ ಮಹಡಿಯಲ್ಲೂ 1 Gbps.

ನಿಮ್ಮ ಮನೆಯಲ್ಲಿ ಎಂಟೂ ತಂತಿ ಇದ್ದೂ 100 ಬಂದರೆ, ಒಂದು ತಂತಿ ಎಲ್ಲೋ ಒಳಗೆ ತುಂಡಾಗಿರಬಹುದು. ಇಲಿ ಕಡಿದಿರಬಹುದು, ಬಾಗಿಲ ಸಂದಿಯಲ್ಲಿ ಸಿಕ್ಕಿ ನಜ್ಜುಗುಜ್ಜಾಗಿರಬಹುದು. ಚಿಕ್ಕ ಕೇಬಲ್ ಹಾಕಿದರೂ 100 ಬಂದರೆ ರೂಟರಿನ ಬೇರೆ ಪೋರ್ಟ್ ಪ್ರಯತ್ನಿಸಿ. ಕಂಪನಿಗಳು ಕೊಡುವ ಕೆಲವು ಡಬ್ಬಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಉಳಿದವು 100ರವು. ಗಿಗಾಬಿಟ್ ಪೋರ್ಟಿನ ಮೇಲೆ ಹೆಚ್ಚಾಗಿ GE ಅಥವಾ 1000 ಅಂತ ಬರೆದಿರುತ್ತಾರೆ. ಅದರಲ್ಲೂ 100 ಬಂದರೆ ಡಾಂಗಲ್ ಮೇಲೆ ಕಣ್ಣಿಡಿ. ಅಗ್ಗದ ಯುಎಸ್‌ಬಿ ಡಾಂಗಲ್‌ಗಳಲ್ಲಿ 10/100 ಅಂತ ಬರೆದವು ಈಗಲೂ ಮಾರಾಟಕ್ಕಿವೆ.

ಎಚ್ಚರಿಕೆ: ಗೋಡೆಯ ಪೈಪಿನಿಂದ ಕೇಬಲ್ ಎಳೆಯುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಲ್ಯಾನ್ ವೈರಿನ ಜತೆ ಅದೇ ಪೈಪಿನಲ್ಲಿ 230 ವೋಲ್ಟ್ ವೈರ್ ಎಳೆದಿರುವ ಮನೆಗಳಿವೆ. ಹಾಗೆ ಕಂಡರೆ ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ ಕರೆಸಿ.

## ಲಕ್ಷಣ: ಹಗಲು ಎರಡೂ ಸರಿ, ರಾತ್ರಿ ಫೋನ್ ಮಾತ್ರ ಕುಂಟುತ್ತದೆ

ರಾತ್ರಿ ವೈರಿನಲ್ಲೂ ಅಷ್ಟೇ ಇಳಿದರೆ ಅದು ಕಂಪನಿಯ ಲೈನಿನ ದಟ್ಟಣೆ. ಮಾರನೆಯ ಹಗಲೂ ಮೇಲೇಳದಿದ್ದರೆ ತಿಂಗಳ ಡೇಟಾ ಮಿತಿ ಮುಗಿದಿರಬಹುದು. ಕಂಪನಿಯ ಆ್ಯಪ್‌ನಲ್ಲಿ ಮಿತಿ ನೋಡಿಕೊಳ್ಳಿ. ವೈರ್ ಸರಿ ಇದ್ದು ಫೋನ್ ಮಾತ್ರ ಇಳಿದರೆ, ಅಕ್ಕಪಕ್ಕದ ಫ್ಲ್ಯಾಟುಗಳ ರೂಟರ್‌ಗಳು ಒಂದೇ ಚಾನೆಲ್‌ನಲ್ಲಿ ಕಚ್ಚಾಡುತ್ತಿವೆ. 2.4ರಲ್ಲಿ 1, 6, 11 ಈ ಮೂರು ಮಾತ್ರ ಒಂದರ ಮೇಲೊಂದು ಬೀಳದ ಚಾನೆಲ್‌ಗಳು. ಅನಲೈಸರ್ ಆ್ಯಪ್‌ನಲ್ಲಿ ಕಡಿಮೆ ಜನ ಇರುವುದನ್ನು ನೋಡಿ ಅದಕ್ಕೆ ಬದಲಿಸಿ. 5ರಲ್ಲಿ ಜಾಗ ಜಾಸ್ತಿ, ಬದಲಿಸಿದರೆ ಸಾಮಾನ್ಯವಾಗಿ ಕೆಲಸವಾಗುತ್ತದೆ.

## ಇನ್ನೂ ಗೊತ್ತಾಗದಿದ್ದರೆ: ಇಂಟರ್ನೆಟ್ಟನ್ನೇ ಲೆಕ್ಕದಿಂದ ತೆಗೆದುಬಿಡಿ

ಇದು ಸ್ವಲ್ಪ ಕೈಕೆಲಸ ಬೇಡುವ ಪರೀಕ್ಷೆ, ಆದರೆ ಜಗಳ ಇಲ್ಲಿಗೆ ನಿಲ್ಲುತ್ತದೆ. ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿ, ಫೋನಿನಿಂದ ಅದಕ್ಕೆ ಟೆಸ್ಟ್ ಮಾಡುವುದು. ಹೊರಗಿನ ಲೈನ್ ಲೆಕ್ಕಕ್ಕೇ ಬರುವುದಿಲ್ಲ. ಲ್ಯಾಪ್‌ಟಾಪ್ ವೈರಿನಲ್ಲಿ 1 Gbps ಲಿಂಕ್ ಹಿಡಿದಿರಬೇಕು, ಇಲ್ಲದಿದ್ದರೆ ಮತ್ತೆ ಅದೇ 94ಕ್ಕೆ ತಗುಲಿಕೊಳ್ಳುತ್ತೀರಿ. ಲ್ಯಾಪ್‌ಟಾಪ್‌ನಲ್ಲಿ iperf3 ಅನ್ನುವ, ವೇಗ ಅಳೆಯುವ ಉಚಿತ ಪ್ರೋಗ್ರಾಂ ಇಳಿಸಿಕೊಂಡು ಹೀಗೆ ಓಡಿಸಿ:

```
iperf3 -s
```

ಫೈರ್‌ವಾಲ್ ಅನುಮತಿ ಕೇಳಿದರೆ ಮನೆಯ ನೆಟ್‌ವರ್ಕಿಗೆ ಮಾತ್ರ ಕೊಡಿ. ಫೋನಿನಲ್ಲಿ iperf3 ಇರುವ ಯಾವುದಾದರೂ ಆ್ಯಪ್‌ನಲ್ಲಿ, ಲ್ಯಾಪ್‌ಟಾಪ್‌ನ ವಿಳಾಸ 192.168.1.5 ಅಂತಿದ್ದರೆ:

```
iperf3 -c 192.168.1.5 -R -P 4
```

`-R` ಹಾಕುವುದರಿಂದ ಲ್ಯಾಪ್‌ಟಾಪ್ ಕಳಿಸುತ್ತದೆ, ಫೋನ್ ಪಡೆಯುತ್ತದೆ, ಅಂದರೆ ಡೌನ್‌ಲೋಡ್ ದಿಕ್ಕು. `-P 4` ಅಂದರೆ ನಾಲ್ಕು ಧಾರೆ ಒಟ್ಟಿಗೆ, ಸ್ಪೀಡ್ ಟೆಸ್ಟ್‌ಗಳು ಮಾಡುವ ಹಾಗೆ. ಇಲ್ಲಿ 300 ಬಂದು ಸ್ಪೀಡ್ ಟೆಸ್ಟ್‌ನಲ್ಲಿ 60 ಬಂದರೆ ವೈಫೈ ನಿರಪರಾಧಿ. ಸರ್ವರ್, ವಿಪಿಎನ್, ಟೆಸ್ಟ್ ಆ್ಯಪ್ ಇವನ್ನು ಮತ್ತೆ ನೋಡಿ. ಇಲ್ಲೂ 60 ಬಂದರೆ ದೋಷ ಫೋನು ಮತ್ತು ರೂಟರ್ ನಡುವೆಯೇ ಇದೆ. ಕಂಪನಿಯ ಲೈನನ್ನು ಬೈದು ಪ್ರಯೋಜನವಿಲ್ಲ.

## ಯಾವಾಗ ಕೈ ಬಿಟ್ಟು ಫೋನ್ ಮಾಡಬೇಕು

ಫೈಬರ್ ಡಬ್ಬದ ಮೇಲೆ LOS ದೀಪ ಕೆಂಪಗೆ ಹೊತ್ತಿದರೆ ಅಲ್ಲಿಗೆ ನಿಲ್ಲಿಸಿ. ಬೆಳಕೇ ಬರುತ್ತಿಲ್ಲ, ನಿಮ್ಮ ಕೈಯಲ್ಲಿ ಏನೂ ಇಲ್ಲ. ಫೈಬರ್ ತುದಿಯನ್ನು ಬಿಚ್ಚಿ ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ. ಅದರಲ್ಲಿ ಬರುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ. ತುದಿಯನ್ನು ಬೆರಳಿನಿಂದ ಮುಟ್ಟಿದರೂ ಜಿಡ್ಡು ಅಂಟಿ ಸಿಗ್ನಲ್ ಕೆಡುತ್ತದೆ. ಆ ತೆಳುವಾದ ಹಳದಿ ಅಥವಾ ಬಿಳಿ ಎಳೆಯನ್ನು ಬಿಗಿಯಾಗಿ ಮಡಚಬೇಡಿ.

ಡಬ್ಬದ ಹಿಂದಿನ ಪಿನ್ ಗಾತ್ರದ Reset ಗುಂಡಿಯನ್ನೂ ಒತ್ತಬೇಡಿ. ರೀಸ್ಟಾರ್ಟ್ ಬೇಕಿದ್ದರೆ ಪವರ್ ಆಫ್ ಮಾಡಿ ಆನ್ ಮಾಡಿದರೆ ಸಾಕು. Reset ಒತ್ತಿದರೆ ಕಂಪನಿ ತುಂಬಿಸಿದ ಸೆಟ್ಟಿಂಗ್‌ಗಳೇ ಅಳಿಸಿಹೋಗಬಹುದು, ಆಮೇಲೆ ನಿಧಾನದ ಇಂಟರ್ನೆಟ್ಟೂ ಇರುವುದಿಲ್ಲ.

ಚಿಕ್ಕ ಕೇಬಲ್, 1 Gbps ಲಿಂಕ್, ಒಂದೇ ಸರ್ವರ್, ಬೇರೆ ಯಾರೂ ಬಳಸುತ್ತಿಲ್ಲ, ಆದರೂ ವೈರಿನಲ್ಲೇ ಪ್ಲಾನಿನ ಅರ್ಧವೂ ಬರುತ್ತಿಲ್ಲ ಅಂದರೆ ದೂರು ಕೊಡಿ. ಬೆಳಿಗ್ಗೆ ಒಂದು, ರಾತ್ರಿ ಒಂದು ಟೆಸ್ಟ್‌ನ ಸ್ಕ್ರೀನ್‌ಶಾಟ್, ಜತೆಗೆ `Get-NetAdapter` ತೋರಿಸಿದ 1 Gbps ಸಾಲಿನ ಸ್ಕ್ರೀನ್‌ಶಾಟ್ ಕಳಿಸಿ. ಈ ಕೊನೆಯದು ಇದ್ದರೆ "ನಿಮ್ಮ ಕೇಬಲ್ ಸರಿಯಿಲ್ಲ ಸಾರ್" ಅಂತ ಹೇಳಿ ಜಾರಿಕೊಳ್ಳಲು ಅವರಿಗೆ ದಾರಿ ಇರುವುದಿಲ್ಲ. ಟೆಕ್ನಿಷಿಯನ್ ಬಂದರೆ ಅವನ ಫೋನಿನ ಅಂಕಿಗೆ ತೃಪ್ತಿಪಡಬೇಡಿ. ನಿಮ್ಮ ಲ್ಯಾಪ್‌ಟಾಪನ್ನೇ ಡಬ್ಬದ ಗಿಗಾಬಿಟ್ ಪೋರ್ಟಿಗೆ ಚುಚ್ಚಿ, ಅವನ ಎದುರಿಗೇ ಟೆಸ್ಟ್ ಮಾಡಿಸಿ.